ಸಾಮಾನು ತೆಗೆದರೂ ಡಿಸ್ಕೌಂಟ್ ಉಳಿದರೆ

ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿದ್ದ ತಪ್ಪನ್ನು ಸರಿಪಡಿಸಿದ್ದಾರೆ ಎಂದ ಮಾತ್ರಕ್ಕೆ ಅಂಗಡಿಯ ಕೌಂಟರ್‌ನಲ್ಲಿ ಅದು ಸರಿಹೋಗಿದೆ ಎಂದಲ್ಲ. ತಿದ್ದಿದ ಆವೃತ್ತಿ ಪರೀಕ್ಷೆ ಮುಗಿಸಿ ಒಂದೊಂದೇ ಕಂಪ್ಯೂಟರ್‌ಗೆ ಬರುವ ತನಕ ಹಳೆಯ ತಪ್ಪು ಹಾಗೇ ಇರುತ್ತದೆ. ಆ ನಡುವಿನ ದಿನಗಳಿಗಾಗಿ ಕ್ಯಾಷಿಯರ್‌ಗಳಿಗೆ ಕೊಡುವ ಸೂಚನೆಯಲ್ಲಿ ತೆರೆಯ ಮೇಲೆ ಏನನ್ನು ನೋಡಬೇಕು ಎಂಬುದು ಸ್ಪಷ್ಟವಾಗಿರಬೇಕು.

ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಖರೀದಿಗೆ 100 ರೂಪಾಯಿ ಕಡಿತ ಇದೆ ಎಂದುಕೊಳ್ಳಿ. ಗ್ರಾಹಕರ ಸಾಮಾನು 1,040 ರೂಪಾಯಿ ಆಯಿತು, ಕೊಡಬೇಕಾದದ್ದು 940. ಅಷ್ಟರಲ್ಲಿ ಅವರು 90 ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ಬೇಡವೆಂದರು. ಒಟ್ಟು 950ಕ್ಕೆ ಇಳಿಯಿತು, ಡಿಸ್ಕೌಂಟ್ ಹೋಗಬೇಕಿತ್ತು. ಆದರೆ ತೆರೆ 850 ತೋರಿಸುತ್ತದೆ. ಸಾಮಾನು ಸೇರಿಸುವಾಗ ಮಾತ್ರ ಸಾವಿರದ ಷರತ್ತನ್ನು ನೋಡಿ, ತೆಗೆಯುವಾಗ ನೋಡದಿರುವುದೇ ಇಲ್ಲಿನ ದೋಷ. ಬಿಲ್‌ನಲ್ಲೇ ಕೊಟ್ಟ ರಿಯಾಯಿತಿಯನ್ನು ಕಳೆದ ಮೇಲಿನ ಮೊತ್ತಕ್ಕೆ ಜಿಎಸ್‌ಟಿ ಬೀಳುವುದರಿಂದ ತೆರಿಗೆಯ ಲೆಕ್ಕವೂ ತಪ್ಪುತ್ತದೆ.

ಹಾಗಾಗಿ ಯಾವುದೇ ಸಾಮಾನು ತೆಗೆದ ಮೇಲೆ ಹಣ ಪಡೆಯುವ ಮುಂಚೆ ಡಿಸ್ಕೌಂಟ್‌ಗೆ ಮೊದಲಿನ ಒಟ್ಟು ಮೊತ್ತವನ್ನು ಓದಿ. ಅದು ಸಾವಿರಕ್ಕಿಂತ ಕಡಿಮೆಯಿದ್ದೂ ಡಿಸ್ಕೌಂಟ್ ಸಾಲು ಉಳಿದಿದ್ದರೆ ಅದನ್ನು ತೆಗೆದುಹಾಕಿ. ಯುಪಿಐ ಮೊತ್ತವನ್ನೂ ಆಮೇಲೆಯೇ ಹಾಕಿ.

ಕಷ್ಟ ಬರುವುದು ಲೆಕ್ಕದಲ್ಲಲ್ಲ, ಮಾತಿನಲ್ಲಿ. 940 ಇದ್ದ ಬಿಲ್ ಪೊಟ್ಟಣ ವಾಪಸ್ ಕೊಟ್ಟ ಮೇಲೆ 950 ಆಗುತ್ತದೆ! ಗ್ರಾಹಕರಿಗೆ ಸಿಟ್ಟು ಬರುವುದು ಸಹಜ. ಆದ್ದರಿಂದ ತೆಗೆಯುವ ಮೊದಲೇ ಹೇಳಿಬಿಡುವುದು ಒಳ್ಳೆಯದು: "ಅಮ್ಮಾ, ಇದನ್ನ ತೆಗೆದ್ರೆ ಡಿಸ್ಕೌಂಟ್ ಹೋಗುತ್ತೆ, ಬಿಲ್ 950 ಆಗುತ್ತೆ. ಇಟ್ಕೊಂಡ್ರೆ 940. ಏನು ಮಾಡ್ಲಿ?" ಹೆಚ್ಚಿನವರು ಇಟ್ಟುಕೊಳ್ಳುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಸಾಫ್ಟ್‌ವೇರ್ ತಿದ್ದಿದ ಮೇಲೂ ಈ ಮಾತು ಬೇಕಾಗುತ್ತದೆ, ಏಕೆಂದರೆ ಇದು ದೋಷದಿಂದ ಬಂದದ್ದಲ್ಲ, ರಿಯಾಯಿತಿಯ ಷರತ್ತಿನಿಂದ ಬಂದದ್ದು.

ಬಿಲ್ ಮುದ್ರಣವಾದ ಮೇಲೆ ತಪ್ಪು ಕಂಡರೆ ಪೆನ್ನಿನಿಂದ ತಿದ್ದಬೇಡಿ. ಕಾಗದದಲ್ಲಿ 950, ಕಂಪ್ಯೂಟರ್‌ನಲ್ಲಿ 850 ಇದ್ದರೆ ಸಂಜೆ ಗಲ್ಲಾಪೆಟ್ಟಿಗೆಯಲ್ಲಿ ನೂರು ರೂಪಾಯಿ ಹೆಚ್ಚಾಗಿ ಕಾಣುತ್ತದೆ, ಅದಕ್ಕೆ ಕಾರಣ ಯಾರಿಗೂ ನೆನಪಿರುವುದಿಲ್ಲ. ಬಿಲ್ ಸಂಖ್ಯೆ ಬರೆದಿಟ್ಟು ಸೂಪರ್‌ವೈಸರ್‌ಗೆ ತಿಳಿಸಿ. ಗ್ರಾಹಕರು ಹೊರಟುಹೋಗಿದ್ದರೆ ಆ ನಷ್ಟ ಅಂಗಡಿಯದು, ಕ್ಯಾಷಿಯರ್ ಸಂಬಳದಿಂದ ಹಿಡಿಯುವುದು ನ್ಯಾಯವಲ್ಲ. ಸೂಚನೆಯಲ್ಲೇ ಹಾಗೆಂದು ಬರೆದರೆ ತಪ್ಪುಗಳು ಮುಚ್ಚಿಹೋಗದೆ ಬೆಳಕಿಗೆ ಬರುತ್ತವೆ.

ಹೊಸ ಆವೃತ್ತಿ ಬಂದ ದಿನ ಪ್ರತಿ ಕೌಂಟರ್‌ನಲ್ಲೂ ಇದೇ ಬಿಲ್ ಹಾಕಿ ನೋಡಿ, ಹಣದ ಹಂತಕ್ಕೆ ಹೋಗದೆ ರದ್ದು ಮಾಡಿ. 90 ತೆಗೆದಾಗ 950, ಮತ್ತೆ ಸೇರಿಸಿದಾಗ 940 ಬರಬೇಕು. ಎರಡೂ ಸರಿ ಬರದ ಕೌಂಟರ್‌ನಲ್ಲಿ ಕೈಯಿಂದ ಪರಿಶೀಲಿಸುವುದನ್ನು ನಿಲ್ಲಿಸಬೇಡಿ.