‘ಟಣ್’ ಅಂದರೆ ಚಿಕ್ಕಿ ಪಾಕ

ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟದ ಸೀಮೆಯಲ್ಲಿ ಪಾಕ ಅಂದರೂ ಒಂದೇ, ಪಾಗು ಅಂದರೂ ಒಂದೇ. ಆದರೆ ಉಂಡೆಯ ಪಾಕದಲ್ಲಿ ಚಿಕ್ಕಿ ಮಾಡಿದರೆ ಹಲ್ಲಿಗೆ ಅಂಟುತ್ತದೆ, ಅಂಗಡಿಯಿಂದ ಮಾಲು ವಾಪಸ್ಸು ಬರುತ್ತದೆ.

ಹುರಿದು ಸಿಪ್ಪೆ ತೆಗೆದ 1 ಕೆ.ಜಿ. ಕಡಲೆಕಾಯಿ ಬೀಜಕ್ಕೆ ಮುಕ್ಕಾಲು ಕೆ.ಜಿ. ಬೆಲ್ಲ ಸಾಕು. ಬೆಲ್ಲವನ್ನು ಸ್ವಲ್ಪ ನೀರಲ್ಲಿ ಕರಗಿಸಿ, ಮರಳು ಹೋಗುವಂತೆ ಸೋಸಿ, ಕುದಿಯಲು ಬಿಡಿ. ಪಕ್ಕದಲ್ಲೇ ಒಂದು ಬಟ್ಟಲು ತಣ್ಣೀರು ಇಟ್ಕೊಳ್ಳಿ. ಅದರೊಳಗೆ ಬಿಟ್ಟ ಹನಿ ಕರಗದೆ, ಬೆರಳಲ್ಲಿ ಮೆತ್ತಗೆ ಉರುಳಿ ಬಂದರೆ ಉಂಡೆಗೆ ಸರಿ. ಚಿಕ್ಕಿಗೆ ಇನ್ನೂ ಕಾಯಬೇಕು. ನೀರಿಂದ ತೆಗೆದ ಹನಿ ಬಗ್ಗದೆ ಪಟ್ಟಂತ ಮುರಿಯಬೇಕು, ತಟ್ಟೆಗೆ ಹಾಕಿದರೆ ‘ಟಣ್’ ಅನ್ನಬೇಕು. ಎಳೆದಾಗ ಜಗ್ಗಿದರೆ ಪಾಕದಲ್ಲಿ ನೀರಿನಂಶ ಉಳಿದಿದೆ ಎಂದೇ ಲೆಕ್ಕ. ಪರೀಕ್ಷೆ ಮಾಡುವಷ್ಟು ಹೊತ್ತು ಉರಿ ತಗ್ಗಿಸಿ, ಇಲ್ಲದಿದ್ದರೆ ಅಷ್ಟರಲ್ಲೇ ಪಾಕ ಹದ ಮೀರಿ ಕಹಿಯಾದೀತು. ಮಳೆಗಾಲದಲ್ಲಂತೂ ಚಿಕ್ಕಿ ಆರಿದ ಕೂಡಲೇ ಡಬ್ಬಿಗೆ ಹಾಕಿ ಮುಚ್ಚಿಬಿಡಿ, ಬೆಲ್ಲ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ.