ಕಣ್ಣಿಗೆ ಬಿಟ್ಟ ಹನಿ, ಎದೆಗೆ ಬಂದ ಉಬ್ಬಸ

ನಮ್ಮ ದೊಡ್ಡಪ್ಪನಿಗೆ ಉಬ್ಬಸ ಹಳೆಯ ನೆಂಟ. ವರ್ಷಗಳಿಂದ ತೆಪ್ಪಗಿತ್ತು, ಚಳಿಗಾಲದಲ್ಲಿ ಎಂದಾದರೂ ಒಮ್ಮೆ ಪಂಪು ಒತ್ತಿಕೊಂಡರೆ ಐದು ನಿಮಿಷಕ್ಕೆ ಎದೆ ಸಡಿಲಾಗುತ್ತಿತ್ತು. ಹೋದ ವರ್ಷ ಒಂದು ರಾತ್ರಿ ಎರಡು ಗಂಟೆಗೆ ಎದ್ದು, ಮಂಚದ ಅಂಚಿಗೆ ಕೈಯೂರಿ ಕೂತುಬಿಟ್ಟರು. ಎದೆಯೊಳಗೆ ಸಿಳ್ಳೆ. ಪಂಪು ಎರಡು ಸಲ ಒತ್ತಿದರು, ನಾಲ್ಕು ಸಲ ಒತ್ತಿದರು. ಅದು ಜಗ್ಗಲಿಲ್ಲ.

ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಡಾಕ್ಟರಮ್ಮ ಮುಖಕ್ಕೆ ಮಾಸ್ಕು ಕಟ್ಟುತ್ತಲೇ ಕೇಳಿದರು, "ಬೇರೆ ಏನಾದ್ರೂ ಔಷಧಿ ತಗೋತಿದೀರಾ ತಾತ?" ದೊಡ್ಡಪ್ಪ ಇಲ್ಲವೆಂದು ತಲೆಯಾಡಿಸಿದರು. ಹಿಂದೆ ನಿಂತಿದ್ದ ದೊಡ್ಡಮ್ಮ, "ಹದಿನೈದು ದಿನದಿಂದ ಕಣ್ಣಿಗೆ ಹನಿ ಬಿಡ್ತಾ ಇದೀನಲ್ಲಾ" ಅಂದರು. "ಅದೂ ಒಂದು ಔಷಧಿಯೇನೇ?" ಎಂದು ದೊಡ್ಡಪ್ಪ ಮಾಸ್ಕಿನೊಳಗಿಂದಲೇ ರೇಗಿದರು.

ಔಷಧಿಯೇ. ಗ್ಲಾಕೋಮಾಕ್ಕೆ ಕೊಟ್ಟ ಟಿಮೊಲಾಲ್. ಕಣ್ಣಿನ ಹನಿ ಎದೆಯನ್ನು ಹಿಡಿದದ್ದು ಹೇಗೆ ಎಂದು ತಿಳಿಯಬೇಕಾದರೆ ಶ್ವಾಸನಾಳದ ಸುತ್ತಲಿನ ಸ್ನಾಯುವಿನ ಒಂದೇ ಒಂದು ಜೀವಕೋಶದ ಬಾಗಿಲಿಗೆ ಹೋಗಬೇಕು.

ಆ ಬಾಗಿಲಲ್ಲಿ ಬೇರೆ ಬೇರೆ ಕಾಲಿಂಗ್ ಬೆಲ್‌ಗಳಿವೆ. ಬೆಲ್ ಒತ್ತಿದವರು ಒಳಗೆ ಬರುವುದಿಲ್ಲ. ಹೊರಗೇ ನಿಂತು ಹೋಗುತ್ತಾರೆ. ವಿಜ್ಞಾನಿಗಳು ಈ ಬೆಲ್‌ಗಳನ್ನು ಗ್ರಾಹಕ ಅಥವಾ ರಿಸೆಪ್ಟರ್ ಎನ್ನುತ್ತಾರೆ. ಪ್ರೋಟೀನಿನ ಒಂದೇ ಎಳೆ ಜೀವಕೋಶದ ಪೊರೆಯನ್ನು ಏಳು ಸಲ ಹೊಕ್ಕು ಹೊರಬಂದು ಒಂದು ಗ್ರಾಹಕವಾಗುತ್ತದೆ, ಮಲ್ಲಿಗೆ ದಂಡೆಯ ದಾರ ಹೊಕ್ಕು ಹೊರಬಂದ ಹಾಗೆ. ಹೊರತುದಿಯನ್ನು ಔಷಧಿಯೋ ಹಾರ್ಮೋನೋ ಮುಟ್ಟಿದರೆ ಇಡೀ ಎಳೆ ಕೊಂಚ ಮಿಸುಕುತ್ತದೆ. ಒಳಬದಿಯಲ್ಲಿ ಒರಗಿಕೊಂಡಿರುವ ಜಿ-ಪ್ರೋಟೀನ್ ಎಂಬ ಆಳಿಗೆ ಅಷ್ಟು ಸಾಕು, ಎಚ್ಚರವಾಗುತ್ತದೆ. ಅದು ತನ್ನಲ್ಲಿದ್ದ ಜಿಡಿಪಿ ಎಂಬ ಅಣುವನ್ನು ಬಿಟ್ಟು ಜಿಟಿಪಿಯನ್ನು ಹಿಡಿದು ಓಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ಆ ಜಿಟಿಪಿಯನ್ನು ತಾನೇ ಮುರಿದು ಮತ್ತೆ ಸುಮ್ಮನಾಗುತ್ತದೆ. ಈ ಸುಮ್ಮನಾಗುವ ಗುಣ ದೊಡ್ಡದು. ಕಾಲರಾ ರೋಗಾಣುವಿನ ವಿಷ ಕರುಳಿನಲ್ಲಿ ಕೆಡಿಸುವುದು ಇದನ್ನೇ: ಆಳು ಓಡುತ್ತಲೇ ಇರುತ್ತದೆ, ಮೈಯ ನೀರೆಲ್ಲ ಭೇದಿಯಾಗಿ ಹರಿದುಹೋಗುತ್ತದೆ.

ನಮ್ಮ ಸ್ನಾಯುವಿನಲ್ಲಿ ಎರಡು ಬೆಲ್ ನೋಡಿದರೆ ಸಾಕು. ಒಂದು ಬಿಗಿಸುವುದು, ಇನ್ನೊಂದು ಸಡಿಲಿಸುವುದು.

ಬಿಗಿಸುವ ಬೆಲ್ಲಿನ ಹೆಸರು ಎಂ-3. ಇದನ್ನು ಒತ್ತುವುದು ವೇಗಸ್ ನರದ ತುದಿಯಿಂದ ಬರುವ ಅಸಿಟೈಲ್‌ಕೋಲಿನ್. ಒಳಗಿನ ಆಳು ಓಡಿಹೋಗಿ ಫಾಸ್ಫೋಲಿಪೇಸ್-ಸಿ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಈ ಕಿಣ್ವ ಕತ್ತರಿಸುವುದು ಪೊರೆಯಲ್ಲೇ ಇರುವ ಪಿಐಪಿ-2 ಎಂಬ ಕೊಬ್ಬಿನ ಅಣುವನ್ನು. ತುಂಡಾದ ಎರಡರಲ್ಲಿ ಡಿಎಜಿ ಪೊರೆಯಲ್ಲೇ ಉಳಿದು ಬೇರೆ ಕೆಲಸ ನೋಡಿಕೊಳ್ಳುತ್ತದೆ. ಐಪಿ-3 ಮಾತ್ರ ಒಳಗಿನ ದ್ರವದಲ್ಲಿ ತೇಲಿಹೋಗಿ ಕ್ಯಾಲ್ಸಿಯಂ ಕೂಡಿಟ್ಟ ಉಗ್ರಾಣದ ಬಾಗಿಲು ತೆಗೆಸುತ್ತದೆ. ಜೀವಕೋಶದ ಒಳದ್ರವದಲ್ಲಿ ಕ್ಯಾಲ್ಸಿಯಂ ಎಷ್ಟು ಕಡಿಮೆಯೆಂದರೆ, ಹೊರಗೆ ಅದರ ಸುಮಾರು ಹತ್ತು ಸಾವಿರ ಪಟ್ಟು ಇರುತ್ತದೆ. ಹಾಗಾಗಿ ಚೂರು ಚೆಲ್ಲಿದರೂ ಒಳಗೆಲ್ಲ ಸುದ್ದಿಯಾಗುತ್ತದೆ, ಸ್ನಾಯುವಿನ ಎಳೆಗಳು ಒಂದನ್ನೊಂದು ಜಗ್ಗುತ್ತವೆ, ನಾಳ ಕಿರಿದಾಗುತ್ತದೆ. ದೊಡ್ಡಪ್ಪನ ಎದೆಯ ಸಿಳ್ಳೆ ಎಂದರೆ ಆ ಇಕ್ಕಟ್ಟಿನಲ್ಲಿ ನುಸುಳುವ ಗಾಳಿ. ಈ ಐಪಿ-3 ಕ್ಯಾಲ್ಸಿಯಂ ಬಿಡಿಸುತ್ತದೆಂದು ಮೈಕೇಲ್ ಬೆರಿಡ್ಜ್ ಮತ್ತು ಜೊತೆಗಾರರು ತೋರಿಸಿದ್ದು 1983ರಲ್ಲಿ.

ಸಡಿಲಿಸುವ ಬೆಲ್ ಬೀಟಾ-2. ಇದನ್ನು ಒತ್ತುವುದು ರಕ್ತದಲ್ಲಿ ಬರುವ ಅಡ್ರಿನಲಿನ್, ಇಲ್ಲವೇ ಪಂಪಿನ ಸಾಲ್ಬುಟಮಾಲ್. ಇಲ್ಲಿಯ ಆಳು ಓಡುವುದು ಅಡಿನೈಲೇಟ್ ಸೈಕ್ಲೇಸ್ ಎಂಬ ಬೇರೆ ಕಿಣ್ವದ ಹತ್ತಿರ. ಆ ಕಿಣ್ವ ಎಟಿಪಿಯಿಂದ ಸೈಕ್ಲಿಕ್ ಎಎಂಪಿ ಮಾಡುತ್ತದೆ, ಒಂದೆರಡಲ್ಲ, ಒಂದರ ಹಿಂದೆ ಒಂದು. ಸೈಕ್ಲಿಕ್ ಎಎಂಪಿ ಪಿಕೆಎ ಎಂಬ ಇನ್ನೊಂದು ಕಿಣ್ವವನ್ನು ಬಿಡಿಸುತ್ತದೆ. ಅದು ಕ್ಯಾಲ್ಸಿಯಂ ಇಳಿಸುತ್ತದೆ, ಜಗ್ಗುವ ಯಂತ್ರದ ಕಸುವನ್ನೂ ಕುಗ್ಗಿಸುತ್ತದೆ. ನಾಳ ತೆರೆಯುತ್ತದೆ.

ಈ ಸೈಕ್ಲಿಕ್ ಎಎಂಪಿ ಸಿಕ್ಕಿದ ಕತೆ ಚೆನ್ನಾಗಿದೆ. ಅಡ್ರಿನಲಿನ್ ಸೋಂಕಿದರೆ ಯಕೃತ್ತು ಸಕ್ಕರೆ ಬಿಡುವುದೇಕೆ ಎಂದು 1950ರ ದಶಕದಲ್ಲಿ ಅರ್ಲ್ ಸದರ್ಲೆಂಡ್ ಹುಡುಕುತ್ತಿದ್ದರು. ಯಕೃತ್ತಿನ ಜೀವಕೋಶಗಳನ್ನು ಒಡೆದು, ಪೊರೆಯ ಚೂರುಗಳಿಗಷ್ಟೇ ಅಡ್ರಿನಲಿನ್ ಹಾಕಿದರು. ಅದರಿಂದ ಬಂದ ರಸವನ್ನು ಕುದಿಸಿದರು. ಪ್ರೋಟೀನಾಗಿದ್ದರೆ ಕೆಟ್ಟುಹೋಗಬೇಕಿತ್ತು. ಕೆಡಲಿಲ್ಲ, ಪೊರೆಯಿಲ್ಲದ ತಿಳಿಗೆ ಅದನ್ನು ಬೆರೆಸಿದರೆ ಸಕ್ಕರೆ ಬಿಡಿಸುವ ಕಿಣ್ವ ಎದ್ದು ಕೂತಿತು. ಬಾಗಿಲಿಗೆ ಬಂದವನು ಬೇರೆ, ಒಳಗೆ ಸುದ್ದಿ ಒಯ್ದವನು ಬೇರೆ ಎಂಬುದು ಹಾಗೆ ಗೊತ್ತಾಯಿತು. 'ಎರಡನೆಯ ದೂತ' ಎಂಬ ಮಾತು ಬಂದದ್ದು ಇಲ್ಲಿಂದ. ಸದರ್ಲೆಂಡ್‌ಗೆ 1971ರಲ್ಲಿ ನೊಬೆಲ್ ಬಂತು.

ಈಗ ಕಣ್ಣಿಗೆ ಬರೋಣ. ಕಣ್ಣಿನೊಳಗೆ ನೀರು ಊರುವ ಜಾಗದಲ್ಲೂ ಇದೇ ಬೀಟಾ ಬೆಲ್‌ಗಳಿವೆ, ಇದೇ ಸೈಕ್ಲಿಕ್ ಎಎಂಪಿ ಇದೆ. ಆದರೆ ಅಲ್ಲಿ ಅದರ ಅರ್ಥ 'ಸಡಿಲಾಗು' ಎಂದಲ್ಲ, 'ನೀರು ಊರಿಸು' ಎಂದು. ದೂತ ಒಬ್ಬನೇ, ಮನೆ ಬೇರೆಯಾದರೆ ಸುದ್ದಿ ಬೇರೆ. ಟಿಮೊಲಾಲ್ ಆ ಬೆಲ್ಲಿನ ಮೇಲೆ ಒತ್ತದೆ ಸುಮ್ಮನೆ ಕೂತುಬಿಡುತ್ತದೆ. ಬೇರೆಯವರೂ ಒತ್ತಲಾಗುವುದಿಲ್ಲ. ನೀರು ಕಡಿಮೆಯಾಗಿ ಕಣ್ಣಿನ ಒತ್ತಡ ಇಳಿಯುತ್ತದೆ. ಕಣ್ಣಿನ ಮಟ್ಟಿಗೆ ಒಳ್ಳೆಯ ಔಷಧಿ.

ತೊಂದರೆ ಏನೆಂದರೆ ಹನಿ ಕಣ್ಣಿನಲ್ಲೇ ನಿಲ್ಲುವುದಿಲ್ಲ. ಅತ್ತಾಗ ಮೂಗು ಸೋರುವುದೇಕೆ ಎಂದು ನೆನಪಿಸಿಕೊಳ್ಳಿ: ಕಣ್ಣಿನ ಒಳಮೂಲೆಯಿಂದ ಮೂಗಿಗೆ ಒಂದು ಕೊಳವೆ ಇದೆ. ಹನಿಯ ಬಹುಪಾಲು ಅದರಲ್ಲಿಳಿದು, ಮೂಗಿನ ಒಳಪದರದಿಂದ ನೇರ ರಕ್ತಕ್ಕೆ ಸೇರುತ್ತದೆ. ನುಂಗಿದ ಮಾತ್ರೆಯಾಗಿದ್ದರೆ ಯಕೃತ್ತು ಮೊದಲೇ ಒಂದಷ್ಟನ್ನು ಮುಗಿಸುತ್ತಿತ್ತು; ಈ ದಾರಿಯಲ್ಲಿ ಆ ಸುಂಕದ ಕಟ್ಟೆಯಿಲ್ಲ. ಲೆಕ್ಕ ಹಾಕಿ: ಶೇಕಡ 0.5ರ ಔಷಧಿಯ ಒಂದು ಹನಿಯಲ್ಲಿ ಸುಮಾರು 200 ಮೈಕ್ರೋಗ್ರಾಂ ಟಿಮೊಲಾಲ್. ಪಂಪಿನ ಒಂದು ಒತ್ತಿನಲ್ಲಿ 100 ಮೈಕ್ರೋಗ್ರಾಂ ಸಾಲ್ಬುಟಮಾಲ್. ಮೇಲಾಗಿ ಟಿಮೊಲಾಲ್ ಬೀಟಾ-2ನ್ನು ಸಾಲ್ಬುಟಮಾಲಿಗಿಂತ ಎಷ್ಟೋ ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ದೊಡ್ಡಪ್ಪ ರಾತ್ರಿಯೆಲ್ಲ ಒತ್ತಿದ್ದು ಮುಚ್ಚಿಹೋದ ಬೆಲ್ಲನ್ನು. ಅತ್ತ ವೇಗಸ್ ನರ ಬಿಗಿಸುವ ಬೆಲ್ಲನ್ನು ಎದುರಾಳಿಯಿಲ್ಲದೆ ಒತ್ತುತ್ತಲೇ ಇತ್ತು.

ಡಾಕ್ಟರಮ್ಮ ಇನ್ನಷ್ಟು ಸಾಲ್ಬುಟಮಾಲ್ ಸುರಿದು ಕೈತೊಳೆದುಕೊಳ್ಳಲಿಲ್ಲ. ಮಾಸ್ಕಿಗೆ ಇಪ್ರಟ್ರೋಪಿಯಂ ಸೇರಿಸಿದರು. ಇದು ಬೀಟಾ-2ರ ತಂಟೆಗೇ ಹೋಗುವುದಿಲ್ಲ. ಎಂ-3 ಬೆಲ್ಲನ್ನು ಮುಚ್ಚುತ್ತದೆ. ಐಪಿ-3 ಕಡಿಮೆ, ಕ್ಯಾಲ್ಸಿಯಂ ಕಡಿಮೆ, ಬಿಗಿತ ಕಡಿಮೆ. ಇದರ ಪೂರ್ವಜ ನಮಗೆ ಗೊತ್ತಿರುವ ಗಿಡದಲ್ಲೇ ಇದೆ. ಬೇಲಿಯಂಚಿನ ಉಮ್ಮತ್ತಿಯಲ್ಲಿರುವ ಅಟ್ರೋಪಿನ್ ಕುಲದ ವಿಷಗಳೂ ಇದೇ ಬೆಲ್ಲನ್ನು ಮುಚ್ಚುತ್ತವೆ. ಉಬ್ಬಸಕ್ಕೆ ಉಮ್ಮತ್ತಿಯ ಹೊಗೆ ಸೇದುವ ರೂಢಿಯನ್ನು ಬ್ರಿಟಿಷರು 19ನೆಯ ಶತಮಾನದ ಮೊದಲಲ್ಲಿ ಭಾರತದಿಂದಲೇ ಕಲಿತು ಕೊಂಡೊಯ್ದರು. ಹಾಗೆಂದು ಯಾರೂ ಸೇದಲು ಹೋಗಬೇಡಿ. ಅಟ್ರೋಪಿನ್ ಮಿದುಳಿಗೂ ಏರಿ ಹುಚ್ಚು ಹಿಡಿಸುತ್ತದೆ. ಇಪ್ರಟ್ರೋಪಿಯಂ ವಿದ್ಯುದಂಶ ಹೊತ್ತ ಅಣು, ಉಸಿರುನಾಳದಿಂದ ರಕ್ತಕ್ಕೆ ಸೇರುವುದೇ ಕಡಿಮೆ, ಮಿದುಳಿಗೆ ಹೋಗುವುದು ಇನ್ನೂ ಕಡಿಮೆ.

ಬೆಳಗಿನ ಹೊತ್ತಿಗೆ ಸಿಳ್ಳೆ ತಗ್ಗಿತು. ಕಣ್ಣಿನ ಡಾಕ್ಟರು ಟಿಮೊಲಾಲ್ ನಿಲ್ಲಿಸಿ ಲಟನೊಪ್ರೊಸ್ಟ್ ಬರೆದುಕೊಟ್ಟರು, ರಾತ್ರಿಗೊಂದು ಹನಿ. ಅದು ಒತ್ತುವುದು ಪ್ರೊಸ್ಟಗ್ಲಾಂಡಿನ್ನಿನ ಬೆಲ್ಲನ್ನು; ಒಳಗೆ ಓಡುವ ದೂತ, ತಮಾಷೆ ನೋಡಿ, ಅದೇ ಐಪಿ-3. ಕಣ್ಣಿನಲ್ಲಿ ಅದರ ಪರಿಣಾಮವಾಗಿ ನೀರು ಹೊರಹರಿಯುವ ದಾರಿ ಸುಗಮವಾಗುತ್ತದೆ. ಉಬ್ಬಸ, ಸಿಒಪಿಡಿ ಇರುವವರು ಕಣ್ಣಿನ ಡಾಕ್ಟರ ಮುಂದೆ ಅದನ್ನು ಬಾಯಿಬಿಟ್ಟು ಹೇಳಿ. ಎದೆಯ ಡಾಕ್ಟರ ಬಳಿ ಹೋಗುವಾಗ ಕಣ್ಣಿನ ಹನಿಯ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ನಮ್ಮ ದೊಡ್ಡಮ್ಮ ಈಗ ಎರಡನ್ನೂ ಒಂದೇ ಡಬ್ಬಿಯಲ್ಲಿಡುತ್ತಾರೆ.