ವಾಟ್ಸಾಪ್ ಕೈತಪ್ಪಿದರೆ ಹಳೆಯ ಚಾಟ್‌ಗಳೂ ಕಳ್ಳರ ಪಾಲಾಗುತ್ತವೆಯೇ?

‘ನಿನ್ನ ಚಾಟ್ ಎಲ್ಲಾ ನನ್ನ ಹತ್ರ ಇದೆ. ಸಂಜೆಯೊಳಗೆ ದುಡ್ಡು ಹಾಕು, ಇಲ್ಲಾಂದ್ರೆ ನಿಮ್ಮ ಗ್ರೂಪಿಗೆಲ್ಲ ಕಳಿಸ್ತೀನಿ.’ ಅರಸೀಕೆರೆ, ಬೇಲೂರು, ಹಳೇಬೀಡಿನಂಥ ಊರುಗಳಲ್ಲಿ ನೆಂಟರು, ಅಂಗಡಿಯವರು, ಶಾಲೆಯವರು ಒಂದೇ ಗ್ರೂಪಿನಲ್ಲಿ ಇರುವುದುಂಟು. ಹಾಗಾಗಿ ಇಂಥ ಬೆದರಿಕೆ ಬಂದ ಕೂಡಲೇ ಕೈಕಾಲು ನಡುಗುತ್ತದೆ. ಆದರೆ ಬೆದರಿಸಿದವನ ಬಳಿ ನಿಜವಾಗಿ ಏನಿದೆ? ಖಾತೆ ಯಾವ ದಾರಿಯಲ್ಲಿ ಹೋಯಿತು ಎಂಬುದರ ಮೇಲೆ ಅದು ನಿಂತಿದೆ.

ಎರಡು ದಾರಿ, ಎರಡು ಪರಿಣಾಮ

ಮೊದಲನೆಯದು, ನಿಮ್ಮ ನಂಬರನ್ನು ಬೇರೆ ಫೋನಿನಲ್ಲಿ ನೋಂದಾಯಿಸುವುದು. 2025ರ ಸೆಪ್ಟೆಂಬರ್‌ನಲ್ಲಿ ನಟ ಉಪೇಂದ್ರ ಮತ್ತು ಪ್ರಿಯಾಂಕಾ ದಂಪತಿಯ ವಾಟ್ಸಾಪ್ ವಂಚಕರ ವಶವಾಗಿತ್ತು. ಆನ್‌ಲೈನ್ ಆರ್ಡರ್ ತಲುಪಿಸುವ ನೆಪದಲ್ಲಿ * ಮತ್ತು # ಇರುವ ಕೋಡ್ ಒತ್ತಿಸಲಾಗಿತ್ತು. ನಂತರ ಪರಿಚಿತರಿಗೆ ಹಣ ಕೇಳುವ ಸಂದೇಶಗಳು ಹೋದವು. ಇಂಥ ಕೆಲವು ಕೋಡ್‌ಗಳು ನಿಮ್ಮ ಕರೆಗಳನ್ನು ವಂಚಕನ ನಂಬರಿಗೆ ತಿರುಗಿಸುತ್ತವೆ. ಆಗ ವಾಟ್ಸಾಪ್ ಕರೆ ಮಾಡಿ ಹೇಳುವ ಆರಂಕಿಯ ಸಂಖ್ಯೆ ಅವನಿಗೆ ಕೇಳಿಸುತ್ತದೆ.

ಈ ದಾರಿಯಲ್ಲಿ ನಿಮ್ಮ ಫೋನಿನ ವಾಟ್ಸಾಪ್ ಲಾಗೌಟ್ ಆಗುತ್ತದೆ. ಆದರೆ ಹಳೆಯ ಚಾಟ್‌ಗಳು ಇರುವುದು ನಿಮ್ಮ ಫೋನಿನಲ್ಲಿ ಮತ್ತು ಗೂಗಲ್ ಅಥವಾ ಐಕ್ಲೌಡ್ ಬ್ಯಾಕಪ್‌ನಲ್ಲಿ. ಆ ಬ್ಯಾಕಪ್ ಖಾತೆಯೂ ಅವನ ಕೈಗೆ ಸಿಗದಿದ್ದರೆ ಅವನಿಗೆ ಕಾಣುವುದು ಗ್ರೂಪುಗಳು, ಅವುಗಳ ಸದಸ್ಯರು ಮತ್ತು ಆಮೇಲೆ ಬರುವ ಸಂದೇಶಗಳು ಮಾತ್ರ.

ಎರಡನೆಯದು, ಕ್ಯೂಆರ್ ಅಥವಾ ಜೋಡಣೆ ಕೋಡ್ ಮೂಲಕ ತನ್ನ ಕಂಪ್ಯೂಟರನ್ನು ನಿಮ್ಮ ಖಾತೆಗೆ ಸೇರಿಸುವುದು. ಇದು ಹೆಚ್ಚು ಅಪಾಯ. ನಿಮ್ಮ ವಾಟ್ಸಾಪ್ ಎಂದಿನಂತೆ ನಡೆಯುತ್ತಿರುತ್ತದೆ, ಇತ್ತೀಚಿನ ತಿಂಗಳುಗಳ ಚಾಟ್ ಅಲ್ಲಿಗೂ ಹೋಗುತ್ತದೆ. ವಾಟ್ಸಾಪ್‌ನ Linked devices ತೆರೆದರೆ ಗುರುತಿಲ್ಲದ ಸಾಧನ ಕಾಣುತ್ತದೆ. ಇನ್‌ಸ್ಟಾಗ್ರಾಮ್ ಕಥೆ ಬೇರೆ: ಅಲ್ಲಿ ಪಾಸ್‌ವರ್ಡ್ ಸಿಕ್ಕರೆ ಹಳೆಯ ಸಂದೇಶಗಳೂ ಕಾಣುತ್ತವೆ.

ಮೊದಲು ದಾಖಲೆ

ಅರಸೀಕೆರೆಯ ಶಿಕ್ಷಕಿಯೊಬ್ಬರಿಗೆ ಬೆಳಿಗ್ಗೆ 10ಕ್ಕೆ ವಾಟ್ಸಾಪ್ ಲಾಗೌಟ್ ಆಯಿತು, 11ಕ್ಕೆ ಅಪರಿಚಿತ ನಂಬರಿನಿಂದ ಎಸ್ಸೆಮ್ಮೆಸ್ ಬೆದರಿಕೆ ಬಂತು ಎಂದುಕೊಳ್ಳೋಣ. ಅವರು ಅದನ್ನು ಅಳಿಸಬಾರದು. ನಂಬರು, ದಿನಾಂಕ, ಸಮಯ ಮೂರೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಬೇಕು. ಸ್ಕ್ರೀನ್‌ಶಾಟ್ ಬರದಿದ್ದರೆ ಮನೆಯವರ ಫೋನಿನಿಂದ ಫೋಟೊ ಸಾಕು. ಹಣ ಕೇಳಿದ್ದರೆ ಯುಪಿಐ ಐಡಿಯೂ ಬೇಕು. ಇನ್‌ಸ್ಟಾಗ್ರಾಮ್ ಆದರೆ ಹೆಸರಲ್ಲ, ಪ್ರೊಫೈಲ್ ಲಿಂಕ್ ಉಳಿಸಿಕೊಳ್ಳಬೇಕು. ಹೆಸರನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಅವರ ಖಾತೆಯಿಂದಲೇ ಗೆಳತಿಯರಿಗೆ ಸಂದೇಶ ಹೋಗಿದ್ದರೆ ಅವರಿಂದಲೂ ಸ್ಕ್ರೀನ್‌ಶಾಟ್ ತರಿಸಿಕೊಳ್ಳಬೇಕು. ಏನು ಎಷ್ಟು ಹೊತ್ತಿಗೆ ಆಯಿತು ಎಂದು ಒಂದು ಹಾಳೆಯಲ್ಲಿ ಬರೆದಿಡಬೇಕು.

ಫೋನನ್ನು ರಿಸೆಟ್ ಮಾಡುವುದು ಬೇಡ. ನ್ಯಾಯಾಲಯದಲ್ಲಿ ಡಿಜಿಟಲ್ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ, ಮೂಲ ಸಂದೇಶ ಫೋನಿನಲ್ಲೇ ಇದ್ದರೆ ಅನುಕೂಲ.

ಖಾತೆ ವಾಪಸ್ ಪಡೆಯುವುದು

ಇಷ್ಟಕ್ಕೆ ಹತ್ತು ನಿಮಿಷ ಸಾಕು. ನಂತರ ಕರೆ ತಿರುಗಿಸಿದ್ದನ್ನು ರದ್ದು ಮಾಡಲು ಇದನ್ನು ಡಯಲ್ ಮಾಡಿ:

```
##002#
```

ಫೋನಿಗೆ ನೆಟ್‌ವರ್ಕ್ ಇಲ್ಲವೆಂದರೆ ಸಿಮ್ಮೇ ನಕಲಾಗಿರಬಹುದು. ಆಗ ಮೊದಲು ಸಿಮ್ ಕಂಪನಿಗೆ ತಿಳಿಸಬೇಕು. ನೆಟ್‌ವರ್ಕ್ ಇದ್ದರೆ ನಿಮ್ಮ ನಂಬರಿನಿಂದಲೇ ಮತ್ತೆ ನೋಂದಾಯಿಸಿ, ಎಸ್ಸೆಮ್ಮೆಸ್‌ನಲ್ಲಿ ಬಂದ ಆರಂಕಿಯನ್ನು ಹಾಕಿ. ಆ ಕ್ಷಣವೇ ವಂಚಕ ಹೊರಬೀಳುತ್ತಾನೆ. ಅವನು ಎರಡು ಹಂತದ ಪಿನ್ ಇಟ್ಟಿದ್ದರೆ ನೀವು ಒಳಹೋಗಲು 7 ದಿನ ಕಾಯಬೇಕಾಗಬಹುದು. ಆದರೆ ಆ ದಿನಗಳಲ್ಲಿ ಅವನಿಗೂ ಪ್ರವೇಶವಿಲ್ಲ. ಒಳಬಂದ ಮೇಲೆ Linked devicesನಲ್ಲಿ ಇರುವುದನ್ನೆಲ್ಲ ಲಾಗೌಟ್ ಮಾಡಿ, ನಿಮ್ಮದೇ ಪಿನ್ ಇಡಿ.

ದುಡ್ಡು ಕೊಟ್ಟರೆ ಮುಗಿಯುವುದಿಲ್ಲವೇ?

ಇಲ್ಲ. ಅವನು ನಿಜವಾಗಿ ಪ್ರತಿ ಮಾಡಿಕೊಂಡಿದ್ದರೆ, ಅಳಿಸಿದ್ದಾನೆಂದು ಖಚಿತಪಡಿಸಿಕೊಳ್ಳಲು ನಮಗೆ ದಾರಿಯೇ ಇಲ್ಲ. ಖಾತೆ ವಾಪಸ್ ಬಂದರೂ ಆ ಪ್ರತಿಗಳು ವಾಪಸ್ ಬರುವುದಿಲ್ಲ. ಅದಕ್ಕೇ ‘ನನ್ನ ಖಾತೆ ಕಳವಾಗಿತ್ತು, ಏನೇ ಬಂದರೂ ತೆರೆಯಬೇಡಿ, ಮುಂದೆ ಕಳಿಸಬೇಡಿ’ ಎಂದು ಗ್ರೂಪುಗಳಿಗೆ ನೀವೇ ಮೊದಲು ತಿಳಿಸುವುದು ಒಳ್ಳೆಯದು. ಖಾಸಗಿ ಚಿತ್ರಗಳ ಬೆದರಿಕೆಯಾದರೆ, 18 ದಾಟಿದವರು stopncii.org ಬಳಸಬಹುದು. ಅಲ್ಲಿ ಚಿತ್ರ ನಿಮ್ಮ ಫೋನಿನಿಂದ ಹೊರಹೋಗುವುದಿಲ್ಲ. ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ. ಆ ವ್ಯವಸ್ಥೆಗೆ ಸೇರಿದ ತಾಣಗಳು ಅದನ್ನು ನೋಡಿ ಚಿತ್ರವನ್ನು ತಡೆಯುತ್ತವೆ.

ದೂರು cybercrime.gov.in ತಾಣದಲ್ಲಿ, ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ. ಹಾಸನದ ಸಿಇಎನ್ ಠಾಣೆಗೇ ಹೋಗಬೇಕೆಂದಿಲ್ಲ, ಬೇಲೂರಿನ ಠಾಣೆಯಲ್ಲೂ ದೂರು ಕೊಡಬಹುದು. ಬೆದರಿಸಿ ಹಣ ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ ಪ್ರಕಾರ ಅಪರಾಧ. ಚಾಟ್‌ನಲ್ಲಿ ಏನಿತ್ತು ಎಂಬುದು ಆ ಅಪರಾಧವನ್ನು ಕಡಿಮೆ ಮಾಡುವುದಿಲ್ಲ.